ಬಿವಿಐ ಕಂಪೆನಿಯ ಹೆಸರಿನಲ್ಲಿ ಬಂದ ಆರ್ಡರ್: ದಾಖಲೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಹಾಳೆತಟ್ಟೆ ಘಟಕ. ದುಬೈಯಲ್ಲಿರುವ ಒಬ್ಬರ ಮೂಲಕ ಒಂದು ಕಂಟೇನರಿನ ಆರ್ಡರ್ ಬಂದಿದೆ, 90 ದಿನದ ಸಾಲಕ್ಕೆ. ಅಗ್ರಿಮೆಂಟಿನಲ್ಲಿ ಖರೀದಿದಾರ ಎಂದು ಇರುವುದು ಬಿವಿಐ, ಅಂದರೆ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್‌ನ ಕಂಪೆನಿ. 2019 ಮಾರ್ಚ್‌ನ ಇನ್‌ಕಾರ್ಪೊರೇಷನ್ ಸರ್ಟಿಫಿಕೇಟನ್ನೂ 2024 ಫೆಬ್ರವರಿಯ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನೂ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಗೂಗಲ್‌ನಲ್ಲಿ ಹುಡುಕಿದರೆ ಏನೂ ಇಲ್ಲ. ಇದರ ಮಾಲಿಕ ಯಾರು, ಬ್ಯಾಲೆನ್ಸ್ ಶೀಟ್ ಎಲ್ಲಿ ನೋಡುವುದು?

ಉತ್ತರ:

ನೀವು ಕೇಳಿದ ಎರಡೂ ಅಲ್ಲಿಯ ಸಾರ್ವಜನಿಕ ದಾಖಲೆಯಲ್ಲಿ ಇಲ್ಲ. ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಬೇರೆ ಕೆಲವು ವಿಷಯ ಸಿಗುತ್ತವೆ, ಅವನ್ನು ಸರಿಯಾಗಿ ಓದಿದರೆ ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಸಹಾಯವಾಗುತ್ತದೆ. ಉಳಿದದ್ದನ್ನು ಖರೀದಿದಾರರ ಕೈಯಿಂದಲೇ ತರಿಸಬೇಕು. ಅದಕ್ಕೆ ಒಂದು ಕ್ರಮ ಇದೆ.

ಮೊದಲು ಗೂಗಲ್ ವಿಷಯ. ಏನೂ ಸಿಗಲಿಲ್ಲ ಎಂಬ ಕಾರಣಕ್ಕೆ ಕಂಪೆನಿ ಸುಳ್ಳು ಎನ್ನಲಾಗದು. ನಮ್ಮಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪೆನಿಯ ಹೆಸರು ಹಾಕಿದರೆ ಡೈರೆಕ್ಟರುಗಳ ಹೆಸರು, ವಿಳಾಸ, ಬಂಡವಾಳ ಎಲ್ಲ ಹತ್ತು ಕಡೆ ಕಾಣುತ್ತದೆ. ಕೇಂದ್ರ ಸರಕಾರದ ಕಂಪೆನಿ ವ್ಯವಹಾರ ಇಲಾಖೆಯ ಎಂಸಿಎ ಪೋರ್ಟಲಿನಲ್ಲಿ 100 ರೂಪಾಯಿ ಕಟ್ಟಿದರೆ ಬ್ಯಾಲೆನ್ಸ್ ಶೀಟೇ ಇಳಿಸಿಕೊಳ್ಳಬಹುದು. ನಮಗೆ ಅದು ಅಭ್ಯಾಸವಾಗಿಬಿಟ್ಟಿದೆ. ಬಿವಿಐಯಲ್ಲಿ ಕಂಪೆನಿಗಳ ದಾಖಲೆ ಇರುವುದು ಫೈನಾನ್ಶಿಯಲ್ ಸರ್ವಿಸಸ್ ಕಮಿಷನ್ ಎಂಬ ಸಂಸ್ಥೆಯ ರಿಜಿಸ್ಟ್ರಿಯಲ್ಲಿ, VIRRGIN ಎಂಬ ಆನ್‌ಲೈನ್ ವ್ಯವಸ್ಥೆಯ ಒಳಗೆ. ಶುಲ್ಕ ಕಟ್ಟಿ ಕೇಳಿದವರಿಗೆ ಮಾತ್ರ ಅದು ತೆರೆಯುತ್ತದೆ, ಗೂಗಲಿಗೆ ಅದರೊಳಗೆ ದಾರಿ ಇಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ಎರಡು ಕಾಗದ. ಇನ್‌ಕಾರ್ಪೊರೇಷನ್ ಸರ್ಟಿಫಿಕೇಟಿನಲ್ಲಿ ಮೂರು ವಿಷಯ ನೋಡಿ: ಕಂಪೆನಿ ನಂಬರ್, ತಾರೀಕು, ಯಾವ ಕಾಯ್ದೆಯ ಕೆಳಗೆ ಎಂಬ ಸಾಲು. 2019ರಲ್ಲಿ ಹುಟ್ಟಿದ ಬಿವಿಐ ಕಂಪೆನಿಯ ಸರ್ಟಿಫಿಕೇಟಿನಲ್ಲಿ ಬಿವಿಐ ಬಿಸಿನೆಸ್ ಕಂಪೆನೀಸ್ ಆ್ಯಕ್ಟ್, 2004 ಎಂದು ಇರಬೇಕು. ಹಿಂದೆ ಇಂಟರ್‌ನ್ಯಾಶನಲ್ ಬಿಸಿನೆಸ್ ಕಂಪೆನಿ, ಅಂದರೆ ಐಬಿಸಿ, ಎಂಬ ಹೆಸರಿನ ಬೇರೆ ಕಾಯ್ದೆ ಇತ್ತು. 2007ರ ಜನವರಿ 1ರ ಹೊತ್ತಿಗೆ ಹಳೆಯ ಐಬಿಸಿಗಳೂ ಹೊಸ ಕಾಯ್ದೆಯ ಕೆಳಗೆ ಬಂದವು. ಹಾಗಾಗಿ 2019ರ ತಾರೀಕಿನ ಬಿವಿಐ ಕಾಗದದಲ್ಲಿ ಐಬಿಸಿ ಕಾಯ್ದೆಯ ಹೆಸರು ಕಂಡರೆ ಯಾರೋ ಹಳೆಯ ನಮೂನೆಯನ್ನು ತಿದ್ದಿದ್ದಾರೆ ಎಂದೇ ತಿಳಿಯಿರಿ. ಸೇಶೆಲ್ಸ್‌ನಂಥ ಕಡೆ ಈಗಲೂ ಐಬಿಸಿ ಎಂಬ ಹೆಸರೇ ನಡೆಯುತ್ತದೆ, ಅದು ಬೇರೆ ಮಾತು.

ನಂಬರನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ. ಇದೇ ಹೆಸರಿನ ಕಂಪೆನಿ ಹಾಂಗ್‌ಕಾಂಗಿನಲ್ಲೋ ಲಂಡನ್ನಿನಲ್ಲೋ ಇರಬಹುದು. ಆ ಕಂಪೆನಿಯ ವೆಬ್‌ಸೈಟ್ ತೋರಿಸಿ, ಆ ಕಂಪೆನಿಯ ವಹಿವಾಟು ಹೇಳಿ, ಅಗ್ರಿಮೆಂಟಿಗೆ ಮಾತ್ರ ಬಿವಿಐಯ ಅದೇ ಹೆಸರಿನ ಇನ್ನೊಂದು ಕಂಪೆನಿಯಿಂದ ಸಹಿ ಹಾಕಿಸುವುದು ಗೊತ್ತಿರುವ ಉಪಾಯ. ಹೆಸರು ಬದಲಾಯಿಸಿದರೂ ಕಂಪೆನಿಯ ನಂಬರ್ ಬದಲಾಗುವುದಿಲ್ಲ. ನಿಮ್ಮ ಅಗ್ರಿಮೆಂಟಿನಲ್ಲಿ ನಂಬರೇ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಎರಡನೆಯ ಕಾಗದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಜನ ಮೋಸಹೋಗುವುದು ಹೆಚ್ಚಾಗಿ ಇಲ್ಲಿ. ಗುಡ್ ಸ್ಟ್ಯಾಂಡಿಂಗ್ ಎಂದರೆ ಒಳ್ಳೆಯ ಹೆಸರಿರುವ, ದುಡ್ಡಿರುವ ಕಂಪೆನಿ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅದು ಹೇಳುವುದು ಇಷ್ಟೇ: ಕಾಗದ ಕೊಟ್ಟ ದಿನ ಕಂಪೆನಿ ರಿಜಿಸ್ಟರಿನಲ್ಲಿ ಇತ್ತು, ಸರಕಾರಕ್ಕೆ ಕಟ್ಟಬೇಕಾದ ಶುಲ್ಕ ಬಾಕಿ ಇರಲಿಲ್ಲ, ಡೈರೆಕ್ಟರುಗಳ ಪಟ್ಟಿಯಂಥ ಸಲ್ಲಿಸಬೇಕಾದ ಕಾಗದ ಸಲ್ಲಿಸಿದ್ದರು. ವ್ಯಾಪಾರ ಇದೆಯೇ, ಬ್ಯಾಂಕಿನಲ್ಲಿ ಹಣ ಇದೆಯೇ, ಯಾರಿಗಾದರೂ ಕೊಡಲು ಬಾಕಿ ಇದೆಯೇ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರ ಇಲ್ಲ.

ಆ ‘ಕೊಟ್ಟ ದಿನ’ ಎಂಬ ಮಾತನ್ನು ನಿಮ್ಮ ಕಾಗದಕ್ಕೇ ಹಚ್ಚಿ ನೋಡಿ. ಬಿವಿಐಯಲ್ಲಿ ಜನವರಿಯಿಂದ ಜೂನ್ ಒಳಗೆ ಹುಟ್ಟಿದ ಕಂಪೆನಿಗಳು ಪ್ರತಿವರ್ಷ ಮೇ 31ರ ಒಳಗೆ ಶುಲ್ಕ ಕಟ್ಟಬೇಕು. ಜುಲೈಯಿಂದ ಡಿಸೆಂಬರ್ ಒಳಗೆ ಹುಟ್ಟಿದವು ನವೆಂಬರ್ 30ರ ಒಳಗೆ. ನಿಮ್ಮದು ಮಾರ್ಚ್‌ನ ಕಂಪೆನಿ, ಗಡು ಮೇ 31. ನಿಮಗೆ ಬಂದ ಸರ್ಟಿಫಿಕೇಟ್ 2024ರ ಫೆಬ್ರವರಿಯದ್ದು. ಎಂದರೆ 2023ರ ಮೇ ತಿಂಗಳ ಶುಲ್ಕ ಕಟ್ಟಿದ್ದಾರೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. 2024ರ ಮೇ ತಿಂಗಳ ಗಡು ಬಂದದ್ದು ಆ ಸರ್ಟಿಫಿಕೇಟ್ ಕೊಟ್ಟ ಮೇಲೆ. ಆಗ ಕಟ್ಟಿದರೋ ಬಿಟ್ಟರೋ ಆ ಕಾಗದ ಹೇಳಲಾರದು. ಶುಲ್ಕ ಕಟ್ಟದೆ ಬಿಟ್ಟ ಕಂಪೆನಿಯನ್ನು ರಿಜಿಸ್ಟರಿನಿಂದ ತೆಗೆದುಹಾಕುತ್ತಾರೆ. 2023ರ ಮೊದಲು ಹೀಗೆ ಹೆಸರು ಹೊಡೆದ ಮೇಲೂ ಕಂಪೆನಿ ಏಳು ವರ್ಷ ಅರೆಜೀವದಲ್ಲಿ ಉಳಿಯುತ್ತಿತ್ತು. 2023ರ ಜನವರಿ 1ರಿಂದ ನಿಯಮ ಬಿಗಿಯಾಯಿತು, ಹೆಸರು ಹೊಡೆದ ದಿನವೇ ಕಂಪೆನಿ ವಿಸರ್ಜನೆಯಾದಂತೆ. ಐದು ವರ್ಷದೊಳಗೆ ಅರ್ಜಿ ಹಾಕಿ ಮತ್ತೆ ಜೀವ ಕೊಡಿಸಬಹುದು. ಆದರೆ ಅಷ್ಟರಲ್ಲಿ ನಿಮ್ಮ ಹಾಳೆತಟ್ಟೆ ದುಬೈಯ ಜೆಬೆಲ್ ಅಲಿ ಬಂದರು ಮುಟ್ಟಿದ್ದರೆ, ಹಣ ಕೊಡಬೇಕಾದ ಕಂಪೆನಿ ಕಾನೂನಿನ ಪ್ರಕಾರ ಇಲ್ಲವೇ ಇಲ್ಲ ಎಂಬ ಸ್ಥಿತಿಯಲ್ಲಿ ನೀವು ಇರುತ್ತೀರಿ. ಹಾಗಾಗಿ ಕೇಳಬೇಕಾದದ್ದು ಕಳೆದ ಮೇ 31 ಕಳೆದ ಮೇಲೆ ಕೊಟ್ಟ, ಒಂದು ತಿಂಗಳಿಗಿಂತ ಹಳೆಯದಲ್ಲದ ಸರ್ಟಿಫಿಕೇಟ್.

ಇಷ್ಟು ಮನೆಯಲ್ಲೇ ಕೂತು ಮಾಡಬಹುದು. ಹಾಗೆಯೇ ಉಚಿತವಾಗಿ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಪ್ರತಿ ಬಿವಿಐ ಕಂಪೆನಿಗೂ ಅಲ್ಲಿಯೇ ಒಬ್ಬ ರಿಜಿಸ್ಟರ್ಡ್ ಏಜೆಂಟ್ ಇರಬೇಕು. ಕಂಪೆನಿಯ ವಿಳಾಸ ಎಂದು ಕೊಡುವ ರೋಡ್ ಟೌನ್, ಟೋರ್ಟೋಲಾದ ವಿಳಾಸ ಸಾಮಾನ್ಯವಾಗಿ ಆ ಏಜೆಂಟರ ಆಫೀಸಿನದ್ದೇ. ಒಂದೇ ವಿಳಾಸದಲ್ಲಿ ಸಾವಿರಾರು ಕಂಪೆನಿಗಳಿರುತ್ತವೆ, ಅದು ಸಂಶಯಕ್ಕೆ ಕಾರಣ ಅಲ್ಲ. ಏಜೆಂಟರಾಗಲು ಕಮಿಷನ್ನಿನ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವವರ ಪಟ್ಟಿ bvifsc.vg ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಮಗೆ ಹೇಳಿದ ಏಜೆಂಟರ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದೆ ಹೋಗುವ ಅಗತ್ಯವೇ ಇಲ್ಲ. ಅದೇ ತಾಣದಲ್ಲಿ ಸುಳ್ಳು ಕಂಪೆನಿಗಳ ಬಗ್ಗೆ ಎಚ್ಚರಿಕೆಯ ಪ್ರಕಟಣೆಗಳೂ ಇವೆ, ಅಲ್ಲೂ ಒಮ್ಮೆ ಹೆಸರು ನೋಡಿ.

ಇನ್ನು ದುಡ್ಡು ಕೊಟ್ಟು ಮಾಡುವ ಸರ್ಚ್. ಅದನ್ನು ಅಲ್ಲಿಯ ವಕೀಲರ ಮೂಲಕವೋ ಕಂಪೆನಿ ಸರ್ಚ್ ಮಾಡಿಕೊಡುವ ಸಂಸ್ಥೆಗಳ ಮೂಲಕವೋ ಮಾಡಿಸಬಹುದು. ಸರಕಾರಿ ಶುಲ್ಕದ ಮೇಲೆ ಅವರ ಶುಲ್ಕ ಬೇರೆ, ಎಷ್ಟಾಗುತ್ತದೆ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಅಲ್ಲಿ ಬೆಳಗ್ಗೆ ಒಂಬತ್ತಾಗುವಾಗ ನಮ್ಮಲ್ಲಿ ಸಂಜೆ ಆರೂವರೆ. ಇಂದು ಹಗಲು ಕಳಿಸಿದ ಮೇಲಿಗೆ ಉತ್ತರ ರಾತ್ರಿ ಅಥವಾ ಮಾರನೆಯ ದಿನ ಬರುತ್ತದೆ, ಅವಸರದಲ್ಲಿ ಕಂಟೇನರ್ ಬುಕ್ ಮಾಡಬೇಡಿ. ಸರ್ಚ್ ಕೇಳುವಾಗ ‘ಕಂಪೆನಿಯ ಪೂರ್ತಿ ಸಾರ್ವಜನಿಕ ಫೈಲ್ ಮತ್ತು ಡೈರೆಕ್ಟರುಗಳ ಪಟ್ಟಿ’ ಎಂದು ಎರಡನ್ನೂ ಹೆಸರಿಸಿ ಕೇಳಿ. ಡೈರೆಕ್ಟರುಗಳ ಪಟ್ಟಿಗೆ ಬೇರೆಯೇ ಕೋರಿಕೆ ಬೇಕು. ಕೇಳದಿದ್ದರೆ ಕೊಡುವುದಿಲ್ಲ.

ಫೈಲಿನಲ್ಲಿ ಬರುವುದು ಕಂಪೆನಿಯ ಈಗಿನ ಸ್ಥಿತಿ, ಹುಟ್ಟಿದ ದಿನ, ಏಜೆಂಟರ ಹೆಸರು, ರಿಜಿಸ್ಟರ್ಡ್ ಆಫೀಸು, ಹೆಸರು ಬದಲಾಗಿದ್ದರೆ ಅದರ ಸರ್ಟಿಫಿಕೇಟ್, ಮುಚ್ಚುವ ಪ್ರಕ್ರಿಯೆ ಶುರುವಾಗಿದ್ದರೆ ಲಿಕ್ವಿಡೇಟರ್ ನೇಮಕದ ನೋಟಿಸು, ಮತ್ತೆ ಕಂಪೆನಿಯ ನಿಯಮಾವಳಿಯಾದ ಮೆಮೊರಾಂಡಮ್ ಹಾಗೂ ಆರ್ಟಿಕಲ್ಸ್. ಈ ಕೊನೆಯದನ್ನು ಓದುವಾಗ ಎರಡು ಕಡೆ ಎಡವುತ್ತಾರೆ.

ಒಂದು, ಕೊನೆಯ ಪುಟದ ಸಹಿ. ನಮ್ಮಲ್ಲಿ ಮೆಮೊರಾಂಡಮಿಗೆ ಸಹಿ ಹಾಕುವವರು ಕಂಪೆನಿ ಕಟ್ಟಿದ ಶೇರುದಾರರು. ಬಿವಿಐಯಲ್ಲಿ ಅಲ್ಲಿ ಸಹಿ ಹಾಕುವುದು ಏಜೆಂಟ್, ಕಂಪೆನಿಯನ್ನು ನೋಂದಾಯಿಸಿದವ ಎಂಬ ನೆಲೆಯಲ್ಲಿ. ಅವರ ಹೆಸರು ಕಂಡು ಇವರೇ ಮಾಲಿಕರು ಎಂದು ತಿಳಿಯಬಾರದು. ಇನ್ನೊಂದು, ಶೇರಿನ ಸಂಖ್ಯೆ. ‘50,000 ಶೇರುಗಳು, ತಲಾ ಒಂದು ಡಾಲರ್’ ಎಂಬ ಸಾಲು ಬಹಳ ಕಂಪೆನಿಗಳಲ್ಲಿ ಕಾಣುತ್ತದೆ. ಇದನ್ನು ತೋರಿಸಿ ‘ನಮ್ಮದು 50,000 ಡಾಲರ್ ಬಂಡವಾಳದ ಕಂಪೆನಿ’ ಎನ್ನುವವರಿದ್ದಾರೆ. ಕಂಪೆನಿ ಕೊಡಬಹುದಾದ ಶೇರುಗಳ ಗರಿಷ್ಠ ಮಿತಿ ಅದು, ಅಷ್ಟು ಹಣ ಒಳಗೆ ಬಂದಿದೆ ಎಂದಲ್ಲ. ಅಷ್ಟು ಶೇರಿನವರೆಗೆ ವಾರ್ಷಿಕ ಶುಲ್ಕ ಕಡಿಮೆ, ಅದಕ್ಕೇ ಎಲ್ಲರೂ 50,000ಕ್ಕೆ ನಿಲ್ಲಿಸುತ್ತಾರೆ. ಕನಿಷ್ಠ ಬಂಡವಾಳ ಎಂಬುದೇ ಅಲ್ಲಿ ಇಲ್ಲ, ಒಂದೇ ಒಂದು ಶೇರು ಕೊಟ್ಟು ಕಂಪೆನಿ ನಡೆಸಬಹುದು.

ಡೈರೆಕ್ಟರುಗಳ ಹೆಸರು 2023ರ ಜನವರಿಯಿಂದ ಕೇಳಿದವರಿಗೆ ಸಿಗುತ್ತದೆ. ಈಗಿನ ಡೈರೆಕ್ಟರುಗಳ ಹೆಸರು ಮಾತ್ರ. ಹುಟ್ಟಿದ ತಾರೀಕು, ವಿಳಾಸ, ಹಿಂದೆ ಇದ್ದವರ ಹೆಸರು ಇರುವುದಿಲ್ಲ. ನಮ್ಮ ಕಾಸರಗೋಡಿನಲ್ಲೇ ಒಂದೇ ಹೆಸರಿನ ಎಷ್ಟು ಜನ ಗಲ್ಫಿನಲ್ಲಿದ್ದಾರೆ ಯೋಚಿಸಿ. ಹೆಸರು ಹೊಂದಿದರೂ ಅದು ನಿಮ್ಮ ಜೊತೆ ಮಾತಾಡಿದವರೇ ಎಂದು ಸಿದ್ಧವಾಗುವುದಿಲ್ಲ. ಆದರೆ ಹೆಸರು ಹೊಂದದಿದ್ದರೆ ಅದೊಂದು ಗಟ್ಟಿ ಸುಳಿವು. ಅಗ್ರಿಮೆಂಟಿಗೆ ಸಹಿ ಹಾಕಿದವರು ಪಟ್ಟಿಯಲ್ಲಿ ಇಲ್ಲ ಎಂದಾದರೆ, ಅವರಿಗೆ ಸಹಿ ಹಾಕುವ ಅಧಿಕಾರ ಕೊಟ್ಟ ಬೋರ್ಡ್ ರೆಸಲ್ಯೂಷನ್ ಅಥವಾ ಪವರ್ ಆಫ್ ಅಟಾರ್ನಿ ಎಲ್ಲಿ ಎಂದು ಕೇಳಿ. ಪಟ್ಟಿಯಲ್ಲಿ ಮನುಷ್ಯರ ಬದಲು ಇನ್ನೊಂದು ಕಂಪೆನಿಯೇ ಡೈರೆಕ್ಟರ್ ಆಗಿರುವುದೂ ಉಂಟು. ಆಗ ಈ ಸರ್ಚಿನಿಂದ ನಿಮಗೆ ಯಾವ ಮನುಷ್ಯನ ಗುರುತೂ ಸಿಗಲಿಲ್ಲ ಎಂದೇ ಲೆಕ್ಕ.

ಅಡಮಾನದ ದಾಖಲೆಯನ್ನೂ ಹೀಗೇ ಎಚ್ಚರದಿಂದ ಓದಬೇಕು. ಕಂಪೆನಿಯ ಆಸ್ತಿಯ ಮೇಲಿನ ಸಾಲವನ್ನು ರಿಜಿಸ್ಟ್ರಿಯಲ್ಲಿ ದಾಖಲಿಸಿದ್ದರೆ ಅದು ಸರ್ಚಿನಲ್ಲಿ ಬರುತ್ತದೆ. ದಾಖಲಿಸುವುದು ಸಾಲ ಕೊಟ್ಟವರಿಗೆ ಮೊದಲ ಹಕ್ಕು ಸಿಗಲೆಂದು, ಕಡ್ಡಾಯ ಎಂದಲ್ಲ. ಜಾಗದ ಆಧಾರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಎಷ್ಟೋ ಸಲ ಇ.ಸಿ.ಯಲ್ಲಿ ಕಾಣದಿದ್ದಂತೆ, ಇಲ್ಲಿಯೂ ಪುಟ ಖಾಲಿ ಇದ್ದರೆ ಸಾಲವೇ ಇಲ್ಲ ಎಂದು ಹೇಳಲಾಗದು.

ಸಿಗದವುಗಳ ಮಾತು ಚಿಕ್ಕದಾಗಿ ಹೇಳುತ್ತೇನೆ. ಶೇರುದಾರರ ರಿಜಿಸ್ಟರನ್ನು 2025ರಿಂದ ರಿಜಿಸ್ಟ್ರಿಗೆ ಸಲ್ಲಿಸಬೇಕೆಂದು ಆಗಿದೆ, ಆದರೆ ಕಂಪೆನಿ ತಾನಾಗಿ ಬಯಸಿದರೆ ಮಾತ್ರ ಅದು ಹೊರಗಿನವರಿಗೆ ತೆರೆಯುತ್ತದೆ. ನಿಜವಾದ ಲಾಭ ಪಡೆಯುವ ಮಾಲಿಕರ ವಿವರವೂ ಅಧಿಕಾರಿಗಳ ಕೈಯಲ್ಲಿ ಇರುತ್ತದೆ, ಸಾಮಾನ್ಯ ವ್ಯಾಪಾರಿಗೆ ಅದರ ಬಾಗಿಲು ತೆರೆದಿಲ್ಲ. ಲೆಕ್ಕಪತ್ರದ ಒಂದು ವಾರ್ಷಿಕ ನಮೂನೆಯನ್ನು ಕಂಪೆನಿಗಳು 2023ರಿಂದ ತುಂಬಿಸಬೇಕು, ಆದರೆ ಅದು ಹೋಗುವುದು ಏಜೆಂಟರ ಬಳಿಗೆ, ರಿಜಿಸ್ಟ್ರಿಯ ಸಾರ್ವಜನಿಕ ಫೈಲಿಗೆ ಬರುವುದಿಲ್ಲ. ‘ಬಿವಿಐ ಕಂಪೆನಿಯ ಮಾಲಿಕರ ಹೆಸರು ತೆಗೆದುಕೊಡುತ್ತೇವೆ’ ಎಂದು ನೂರಾರು ಡಾಲರ್ ಕೇಳುವ ತಾಣಗಳಿಗೆ ಹಣ ಕಳಿಸಬೇಡಿ.

ಸೋರಿಕೆಯಾದ ದಾಖಲೆಗಳ ಸಂಗ್ರಹ ಒಂದಿದೆ, ಪನಾಮ ಪೇಪರ್ಸ್ ಪ್ರಕಟಿಸಿದ ಪತ್ರಕರ್ತರ ಒಕ್ಕೂಟದ್ದು: offshoreleaks.icij.org. ಉಚಿತ. ಹಳೆಯ ಕಂಪೆನಿಯಾದರೆ ಹಿಂದಿನ ಶೇರುದಾರರ ಹೆಸರು ಕೆಲವೊಮ್ಮೆ ಸಿಗುತ್ತದೆ. ಆದರೆ ಪನಾಮ ಪೇಪರ್ಸ್ ಹೊರಬಂದದ್ದು 2016ರಲ್ಲಿ. ನಿಮ್ಮದು 2019ರ ಕಂಪೆನಿ, ಹೆಚ್ಚು ನಿರೀಕ್ಷೆ ಬೇಡ. ಕಂಪೆನಿಯ ಹೆಸರಿಗಿಂತ ಡೈರೆಕ್ಟರ ಹೆಸರು ಹಾಕಿ ಹುಡುಕುವುದು ಇಲ್ಲಿ ಮೇಲು. ಹೆಸರು ಅಲ್ಲಿ ಇದೆ ಎಂದ ಮಾತ್ರಕ್ಕೆ ತಪ್ಪು ಮಾಡಿದ್ದಾರೆ ಎಂದಾಗುವುದಿಲ್ಲ, ಆ ತಾಣವೇ ಹಾಗೆ ಬರೆದುಕೊಂಡಿದೆ. ಕೋರ್ಟ್ ವ್ಯಾಜ್ಯ ಇದೆಯೇ ಎಂದು ನೋಡಲು eccourts.org. ಬಿವಿಐಯ ಹೈಕೋರ್ಟ್ ಪೂರ್ವ ಕೆರೀಬಿಯನ್ ಸುಪ್ರೀಂ ಕೋರ್ಟಿನ ಭಾಗ, ತೀರ್ಪುಗಳು ಅಲ್ಲಿ ಉಚಿತವಾಗಿ ಸಿಗುತ್ತವೆ.

ಈಗ ಮಾಲಿಕನ ಹೆಸರನ್ನು ತರಿಸುವ ಸರಿಯಾದ ದಾರಿ. ಸರ್ಟಿಫಿಕೇಟ್ ಆಫ್ ಇನ್‌ಕಂಬೆನ್ಸಿ ಎಂಬ ಕಾಗದ ಇದೆ. ಅದನ್ನು ಕೊಡುವುದು ರಿಜಿಸ್ಟ್ರಿ ಅಲ್ಲ, ಕಂಪೆನಿಯ ರಿಜಿಸ್ಟರ್ಡ್ ಏಜೆಂಟ್, ತಮ್ಮ ಬಳಿ ಇರುವ ರಿಜಿಸ್ಟರುಗಳನ್ನು ನೋಡಿ. ಡೈರೆಕ್ಟರುಗಳು ಯಾರು, ಶೇರುದಾರರು ಯಾರು, ಯಾರ ಬಳಿ ಎಷ್ಟು ಶೇರು ಎಂದು ಅದರಲ್ಲಿ ಬರೆಸಬಹುದು. ನೀವೇ ಏಜೆಂಟರಿಗೆ ಬರೆದು ಕೇಳಿದರೆ ಕೊಡುವುದಿಲ್ಲ, ಗ್ರಾಹಕರ ಗುಟ್ಟು ಕಾಯುವ ಹೊಣೆ ಅವರ ಮೇಲಿದೆ. ಕಂಪೆನಿಯೇ ಕೇಳಬೇಕು. ಹಾಗಾಗಿ ದುಬೈಯವರಿಗೆ ಹೀಗೆ ಬರೆಯಿರಿ: ಶೇರುದಾರರ ಹೆಸರೂ ಸೇರಿದಂತೆ ಹೊಸ ಇನ್‌ಕಂಬೆನ್ಸಿ ಸರ್ಟಿಫಿಕೇಟ್ ಬೇಕು, ಅದನ್ನು ನಿಮ್ಮ ಏಜೆಂಟ್ ತಮ್ಮ ಆಫೀಸಿನ ಇಮೇಲಿನಿಂದ ನೇರವಾಗಿ ನಮಗೆ ಕಳಿಸಲಿ. ಈ ‘ನೇರವಾಗಿ’ ಎಂಬ ಶರತ್ತನ್ನು ಬಿಡಬೇಡಿ. ವಾಟ್ಸಾಪಿನಲ್ಲಿ ಖರೀದಿದಾರರ ಫೋನಿನಿಂದ ಬಂದ ಪಿಡಿಎಫ್ ಅನ್ನು ಯಾರು ಬೇಕಾದರೂ ತಿದ್ದಬಹುದು. ಮೇಲ್ ಬಂದಾಗ ಕಳಿಸಿದ ವಿಳಾಸವನ್ನು bvifsc.vg ಪಟ್ಟಿಯಲ್ಲಿರುವ ಏಜೆಂಟರ ಸ್ವಂತ ತಾಣದ ಜೊತೆ ಅಕ್ಷರ ಅಕ್ಷರ ಹೋಲಿಸಿ. ಶೇರುದಾರರ ಜಾಗದಲ್ಲಿ ಇನ್ನೊಂದು ಆಫ್‌ಶೋರ್ ಕಂಪೆನಿ ಬಂದರೆ ಅದರದ್ದೂ ಕೇಳಿ, ಮನುಷ್ಯರ ಹೆಸರು ಬರುವವರೆಗೆ. ನಿಜವಾದ ವ್ಯಾಪಾರಿಗೆ ಇದು ಹೊಸತಲ್ಲ, ಅವರ ಬ್ಯಾಂಕೂ ಖಾತೆ ತೆರೆಯುವಾಗ ಇದನ್ನೇ ಕೇಳಿರುತ್ತದೆ. ‘ಬಿವಿಐಯಲ್ಲಿ ಹಾಗೆ ಕೊಡುವ ಕ್ರಮ ಇಲ್ಲ’ ಎಂದರೆ ಅದು ಸುಳ್ಳು.

ಇಷ್ಟೆಲ್ಲ ಸರಿ ಬಂದರೂ ಒಂದು ಪ್ರಶ್ನೆ ಉಳಿಯುತ್ತದೆ, ನನಗೆ ಮುಖ್ಯ ಎನಿಸುವುದು ಅದೇ. ಕಂಟೇನರ್ ಇಳಿಯುವುದು ದುಬೈಯಲ್ಲಿ. ಅಲ್ಲಿಯ ಕಸ್ಟಮ್ಸಿನಿಂದ ಸರಕು ಬಿಡಿಸಿಕೊಳ್ಳಲು ಅಲ್ಲಿ ಲೈಸೆನ್ಸ್ ಇರುವ, ಕಸ್ಟಮ್ಸ್ ಕೋಡ್ ಇರುವ ಒಂದು ಸಂಸ್ಥೆ ಬೇಕು. ರೋಡ್ ಟೌನಿನ ಪೋಸ್ಟ್ ಬಾಕ್ಸ್ ಬಂದು ಸರಕು ಬಿಡಿಸುವುದಿಲ್ಲ. ಹಡಗಿನವರು ಸರಕಿಗೆ ಕೊಡುವ ಬಿಲ್ ಆಫ್ ಲೇಡಿಂಗಿನಲ್ಲಿ ಕನ್‌ಸೈನಿ, ಅಂದರೆ ಸರಕು ಪಡೆಯುವವರು, ಎಂದು ಯಾರ ಹೆಸರು ಬರುತ್ತದೆ ಎಂದು ಈಗಲೇ ಕೇಳಿ. ಆ ಹೆಸರು ಸಿಕ್ಕರೆ ಅದರ ಟ್ರೇಡ್ ಲೈಸೆನ್ಸನ್ನು ಯುಎಇಯ ಸರಕಾರಿ ತಾಣಗಳಲ್ಲಿ ಹುಡುಕುವುದು ಬಿವಿಐ ಸರ್ಚಿಗಿಂತ ಎಷ್ಟೋ ಸುಲಭ. ನಮ್ಮೂರಿನವರು ಯಾರಾದರೂ ಆ ಅಂಗಡಿಗೋ ಗೋದಾಮಿಗೋ ಹೋಗಿ ನೋಡಿಬರುವುದೂ ಸಾಧ್ಯ. ಸರಕು ಮುಟ್ಟುವವ ಒಬ್ಬ, ಹಣದ ಹೊಣೆ ಹೊತ್ತವ ಇನ್ನೊಬ್ಬ ಎಂದಾದರೆ, ಆ ದುಬೈ ಸಂಸ್ಥೆಯೂ ಅಗ್ರಿಮೆಂಟಿಗೆ ಜಾಮೀನುದಾರನಾಗಿ ಸಹಿ ಹಾಕಲಿ. ಹಾಗೆಯೇ ಹಣ ಯಾವ ಹೆಸರಿನ ಖಾತೆಯಿಂದ ಬರುತ್ತದೆ ಎಂಬುದನ್ನೂ ಬರೆಸಿ. ಖರೀದಿದಾರನ ಹೆಸರಲ್ಲದ ಖಾತೆಯಿಂದ ಬಂದರೆ ನಿಮ್ಮ ಬ್ಯಾಂಕ್ ಅದನ್ನು ಥರ್ಡ್ ಪಾರ್ಟಿ ಪೇಮೆಂಟ್ ಎಂದು ನೋಡುತ್ತದೆ, ಅದಕ್ಕೆ ಬೇರೆ ಶರತ್ತುಗಳಿವೆ. ಸರಕು ಕಳಿಸುವ ಮೊದಲೇ ಬ್ಯಾಂಕಿಗೆ ತಿಳಿಸದಿದ್ದರೆ ಬಂದ ಹಣವೂ ತಡೆಯಾಗಬಹುದು.

ರಫ್ತಿನ ಸಾಲಕ್ಕೆ ವಿಮೆ ಕೊಡುವ ಸರಕಾರಿ ಸಂಸ್ಥೆ ಇಸಿಜಿಸಿಯ ಪಾಲಿಸಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಖರೀದಿದಾರರ ಹೆಸರಿಗೆ ಕ್ರೆಡಿಟ್ ಲಿಮಿಟ್ ಕೇಳಿ ಅರ್ಜಿ ಹಾಕಿ. ಅವರು ಖರೀದಿದಾರರ ಬಗ್ಗೆ ತಮ್ಮದೇ ವಿಚಾರಣೆ ಮಾಡಿಸುತ್ತಾರೆ. ಈ ಬಿವಿಐ ಹೆಸರಿಗೆ ಲಿಮಿಟ್ ಕೊಡಲು ಅವರು ಒಪ್ಪದಿದ್ದರೆ ನೀವೂ 90 ದಿನದ ಸಾಲ ಕೊಡಬಾರದು.

ಬೇರೆ ಕಡೆಯ ಕಂಪೆನಿಯಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕೇಮನ್ ಐಲ್ಯಾಂಡ್ಸ್‌ನಲ್ಲಿ ಸ್ಥಿತಿ, ರಿಜಿಸ್ಟರ್ಡ್ ಆಫೀಸು, ಈಗಿನ ಡೈರೆಕ್ಟರುಗಳ ಹೆಸರು ಶುಲ್ಕಕ್ಕೆ ಸಿಗುತ್ತದೆ, ಆದರೆ ಮೆಮೊರಾಂಡಮ್ ಸಿಗುವುದಿಲ್ಲ. ಹಾಂಗ್‌ಕಾಂಗಿನಲ್ಲಿ ಸ್ವಲ್ಪ ಶುಲ್ಕಕ್ಕೆ ಶೇರುದಾರರ ಹೆಸರೂ ಬರುತ್ತದೆ. ಬ್ರಿಟನ್ನಿನಲ್ಲಿ ಎಲ್ಲವೂ ಉಚಿತ, ಸಣ್ಣ ಕಂಪೆನಿಯ ಲೆಕ್ಕಪತ್ರ ಕೂಡ. ಸೇಶೆಲ್ಸ್‌ನದ್ದಾದರೆ ಬಿವಿಐಗಿಂತಲೂ ಮುಚ್ಚಿದ ಬಾಗಿಲು, ಇನ್‌ಕಂಬೆನ್ಸಿ ಬಿಟ್ಟರೆ ಬೇರೆ ದಾರಿ ಇಲ್ಲ ಎಂದೇ ಹೇಳಬಹುದು.

ಇನ್‌ಕಂಬೆನ್ಸಿ ಬರುವುದಿಲ್ಲ, ದುಬೈ ಸಂಸ್ಥೆ ಜಾಮೀನು ಹಾಕುವುದಿಲ್ಲ, ಆದರೂ ಆರ್ಡರ್ ಬಿಡಲು ಮನಸ್ಸಿಲ್ಲ ಎಂದಿದ್ದರೆ ಸಾಲದ ಮಾತು ಬಿಟ್ಟು ಹಣದ ಕ್ರಮ ಬದಲಾಯಿಸಿ. ಅಡ್ವಾನ್ಸ್ ತೆಗೆದುಕೊಳ್ಳಿ, ಅಥವಾ ಒಳ್ಳೆಯ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ ಕೇಳಿ. ಎಲ್‌ಸಿಯಲ್ಲಿ ಕಾಗದಪತ್ರ ಸರಿ ಇದ್ದರೆ ಕೊಡುವವ ಬ್ಯಾಂಕು, ಆಗ ಬಿವಿಐ ಕಂಪೆನಿಯ ಜೇಬಿನಲ್ಲಿ ಏನಿದೆ ಎಂಬುದು ನಿಮಗೆ ಅಷ್ಟು ಮುಖ್ಯವಾಗುವುದಿಲ್ಲ. ಅದೂ ಆಗದಿದ್ದರೆ ಡಿಪಿ ಶರತ್ತಿನಲ್ಲಿ ಬ್ಯಾಂಕಿನ ಮೂಲಕ ಕಾಗದ ಕಳಿಸಿ, ಬಿಲ್ ಆಫ್ ಲೇಡಿಂಗನ್ನು ಬ್ಯಾಂಕಿನ ಆರ್ಡರಿಗೆ ಮಾಡಿಸಿ. ಹಣ ಕಟ್ಟದೆ ಮೂಲ ಕಾಗದ ಅವರ ಕೈಗೆ ಹೋಗುವುದಿಲ್ಲ. ಅವರು ಬಿಡಿಸಿಕೊಳ್ಳದೆ ಕೈಬಿಟ್ಟರೆ ಬಂದರಿನ ಬಾಡಿಗೆಯೂ ವಾಪಸು ತರುವ ಖರ್ಚೂ ನಿಮ್ಮ ತಲೆಗೆ ಬರುತ್ತದೆ. ಅದಕ್ಕಾಗುವಷ್ಟು ಅಡ್ವಾನ್ಸನ್ನಾದರೂ ಕಂಟೇನರ್ ತುಂಬುವ ಮೊದಲು ತೆಗೆದಿಟ್ಟುಕೊಳ್ಳಿ.